ಯಾವ ದಿನ ಜಮಾ, ಯಾಕೆ ತಡ

ನನಗೆ ಸಿಟ್ಟು ಬೇಗ ಬರುವುದಿಲ್ಲ. ವಿಮಾನ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವನು ನಾನು. ಆತುರಪಟ್ಟರೆ ಕೆಲಸ ಕೆಡುತ್ತದೆ, ಕೆಲವೊಮ್ಮೆ ಬೆರಳೂ ಹೋಗುತ್ತದೆ ಎಂಬುದನ್ನು ಆ ಯಂತ್ರವೇ ಕಲಿಸಿತ್ತು. ಆದರೆ ಕಳೆದ ಮಳೆಗಾಲದ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ಹೊಸ ತಿಪ್ಪಸಂದ್ರದಲ್ಲಿ ನಮ್ಮದು ಹಳೆಯ ಮನೆ. ಅಪ್ಪನ ಕಾಲದಲ್ಲಿ ಸುತ್ತ ರಾಗಿ ಹೊಲವಿತ್ತು. ಈಗ ಹೊಲವಿದ್ದ ಕಡೆ ಮೂರು ಮಹಡಿಯ ಮನೆಗಳು, ಅವುಗಳ ಕೆಳಗೆ ಮೊಬೈಲ್ ಅಂಗಡಿ, ಬೇಕರಿ, ಬ್ಲೌಸ್ ಹೊಲಿಯುವವರು. ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವಾಗ ನಮ್ಮ ದನದ ಕೊಟ್ಟಿಗೆಯಿದ್ದ ಜಾಗ ಹೋಯಿತು. ಆ ಜಾಗ ಅಮ್ಮನ ಹೆಸರಿನಲ್ಲಿತ್ತು, ಪರಿಹಾರವೂ ಅವಳ ಹೆಸರಿಗೇ ಬಂತು. ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಗೆಳೆಯನೊಬ್ಬ ಆಗ ಸಂಜೆ ಹೊತ್ತು ಮ್ಯೂಚುವಲ್ ಫಂಡ್ ಏಜೆಂಟ್ ಕೆಲಸ ಮಾಡುತ್ತಿದ್ದ. ಅವನ ಮಾತು ಕೇಳಿ ಆ ಹಣವನ್ನು ಒಂದು ಹೂಡಿಕೆ ಕಂಪನಿಯ ಫಂಡಿನಲ್ಲಿ ಹಾಕಿಸಿದೆ. ಅಮ್ಮ ಕನ್ನಡದಲ್ಲಿ ನಾಲ್ಕೇ ಅಕ್ಷರದ ತನ್ನ ಸಹಿ ಹಾಕಿದಳು. "ಬೇಕು ಅಂದಾಗ ಕೊಡ್ತಾರೇನಪ್ಪಾ?" ಎಂದು ಒಂದೇ ಪ್ರಶ್ನೆ ಕೇಳಿದಳು. "ಮೂರೇ ದಿನ ಅಮ್ಮಾ, ನಿಮ್ಮ ಬ್ಯಾಂಕಿಗೇ ಬಂದ್ಬಿಡುತ್ತೆ" ಎಂದಿದ್ದ ಗೆಳೆಯ.

ಅಮ್ಮನಿಗೆ ಆ ಹಣ ಬೇಕಾದದ್ದು ತನಗಾಗಿಯಲ್ಲ.

ನಮ್ಮ ಹಿತ್ತಲಿನ ಎರಡು ಕೋಣೆಗಳಲ್ಲಿ ಯಾದಗಿರಿ ಕಡೆಯ ಒಂದು ಸಂಸಾರ ಬಾಡಿಗೆಗಿದೆ. ಗಂಡ ಕಟ್ಟಡಗಳಲ್ಲಿ ಕಂಬಿ ಕಟ್ಟುತ್ತಾನೆ, ಹೆಂಡತಿ ಇಂದಿರಾನಗರದ ಒಂದು ಆಫೀಸಿನಲ್ಲಿ ನೆಲ ಒರೆಸುತ್ತಾಳೆ. ಅವರಿಗೊಬ್ಬಳೇ ಮಗಳು. ಎರಡು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಆ ಹುಡುಗಿ ಪಿಯುಸಿ ಓದುತ್ತಿದ್ದಳು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಮೂರು ತಿಂಗಳು ಅಮ್ಮನನ್ನು ಮಗ್ಗುಲು ತಿರುಗಿಸಿ ಮಲಗಿಸಿದವಳು, ಬೆನ್ನು ಒರೆಸಿ ಪೌಡರ್ ಹಾಕಿದವಳು, ವಾಕರ್ ಹಿಡಿಸಿ ಅಂಗಳದಲ್ಲಿ ಹೆಜ್ಜೆ ಇಡಿಸಿದವಳು ಅವಳೇ. ನನ್ನ ಹೆಂಡತಿ ತೀರಿಕೊಂಡು ಹಲವು ವರ್ಷವಾಗಿತ್ತು. ಗಂಡಸು ನಾನು, ಅಮ್ಮನಿಗೆ ಕೆಲವು ಕೆಲಸ ನನ್ನಿಂದ ಮಾಡಿಸಿಕೊಳ್ಳಲು ನಾಚಿಕೆ. ಹುಡುಗಿ ಕಾಲೇಜಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಬರುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹಣ ಕೊಡಹೋದಾಗ ಅವಳ ತಾಯಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

ಆಗ ಅಮ್ಮ ಹುಡುಗಿಗೆ ಮಾತು ಕೊಟ್ಟಿದ್ದಳು: "ನೀನು ನರ್ಸ್ ಓದು. ಮೊದಲನೇ ವರ್ಷದ ಫೀಸು ನಂದು."

ಕಳೆದ ವರ್ಷ ಹುಡುಗಿಗೆ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿತು. ಫೀಸು ಕಟ್ಟಲು ಎರಡು ವಾರ ಸಮಯವಿತ್ತು. ಮುಂದಿನ ಸೋಮವಾರ ಬೆಳಿಗ್ಗೆಯೇ ನಾನು ಅಮ್ಮನ ಸಹಿ ಹಾಕಿಸಿದ ಅರ್ಜಿ ಹಿಡಿದು ಇಂದಿರಾನಗರದಲ್ಲಿರುವ ಆ ಕಂಪನಿಯ ಕಚೇರಿಗೆ ಹೋದೆ. ಫಂಡಿನಲ್ಲಿ ಅಮ್ಮನ ಪಾಲಾದ ಎಲ್ಲ ಯೂನಿಟ್‌ಗಳನ್ನೂ ಹಿಂತಿರುಗಿಸಿ ಹಣ ಪಡೆಯುವ ಅರ್ಜಿ ಅದು. ಕೌಂಟರಿನಲ್ಲಿದ್ದ ಹುಡುಗಿ ಸಹಿ ನೋಡಿದಳು, ಯಂತ್ರದಲ್ಲಿ ಸಮಯದ ಮುದ್ರೆ ಒತ್ತಿದಳು, ಕೆಳಗಿನ ಚೀಟಿ ಹರಿದು ಕೊಟ್ಟಳು.

"ಮೂರು ಗಂಟೆ ಒಳಗೆ ಕೊಟ್ಟಿದೀರಲ್ಲ ಸಾರ್, ಇವತ್ತಿನ ರೇಟೇ ಸಿಗುತ್ತೆ. ಮೂರು ವರ್ಕಿಂಗ್ ಡೇಸ್‌ನಲ್ಲಿ ಅಕೌಂಟಿಗೆ ಬರುತ್ತೆ" ಎಂದಳು.

ಗುರುವಾರ ಸಂಜೆಯಾಯಿತು, ಬರಲಿಲ್ಲ. ಶುಕ್ರವಾರ ಹಲಸೂರಿನ ಬ್ಯಾಂಕಿಗೆ ಹೋಗಿ ಯಂತ್ರದಲ್ಲಿ ಪಾಸ್‌ಬುಕ್ ಹಾಕಿದೆ. ಅಮ್ಮನ ವಿಧವಾ ಪಿಂಚಣಿಯ ಸಾಲಿನ ಕೆಳಗೆ ಬಿಳಿ ಕಾಗದ. ಸೋಮವಾರ ಮತ್ತೆ ಹೋದೆ. ಅದೇ ಬಿಳಿ ಕಾಗದ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಇಂಥ ಸಂಖ್ಯೆ ಒತ್ತಿ ಎಂದಿತು, ಒತ್ತಿದೆ. ಹಾಡು ಬಂತು. ಹಾಡು ಮುಗಿದ ಮೇಲೆ ಹಿಂದಿಯಲ್ಲಿ ಒಬ್ಬ ಮಾತಾಡಿದ, ಆಮೇಲೆ ಕನ್ನಡ ಬರುವ ಇನ್ನೊಬ್ಬನಿಗೆ ಕೊಟ್ಟ.

"ಸಾರ್, ನೀವು ರಿಜಿಸ್ಟರ್ಡ್ ಮೊಬೈಲ್ ನಂಬರಿಂದ ಕಾಲ್ ಮಾಡ್ತಿಲ್ಲ. ಡೀಟೇಲ್ಸ್ ಕೊಡಕ್ಕಾಗಲ್ಲ."

"ನಮ್ಮನೇಲಿ ಇರೋದೇ ಎರಡು ನಂಬರು. ಒಂದು ನಂದು, ಒಂದು ನಮ್ಮಮ್ಮಂದು. ಎರಡರಿಂದಲೂ ಮಾಡಿದೀನಿ."

"ಸಾರಿ ಸಾರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಇನ್ನೇನಾದರೂ! ಮೊದಲನೆಯದನ್ನೇ ಮಾಡದವನು ಎರಡನೆಯದು ಬೇಕೇ ಎಂದು ಕೇಳುತ್ತಿದ್ದ. ಮತ್ತೆ ಇಂದಿರಾನಗರಕ್ಕೆ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಪೇಯ್ಡ್ ಅಂತಾನೇ ತೋರಿಸ್ತಿದೆ ಸಾರ್. ಬ್ಯಾಂಕಲ್ಲಿ ಕೇಳಿ" ಎಂದಳು. ಬ್ಯಾಂಕಿಗೆ ಹೋದರೆ, "ನಮಗೆ ಏನೂ ಬಂದಿಲ್ಲ ಸರ್. ಕಳಿಸಿದವರ ಹತ್ರ ಟ್ರಾನ್ಸಾಕ್ಷನ್ ನಂಬರ್ ಇರುತ್ತೆ, ತಗೊಂಡ್ಬನ್ನಿ, ಹುಡುಕ್ತೀವಿ" ಎಂದರು. ಮತ್ತೆ ಇಂದಿರಾನಗರ. "ಆ ನಂಬರು ಇಲ್ಲಿ ಕಾಣಲ್ಲ ಸಾರ್, ಮೇಲ್‌ಗೆ ಬಂದಿರುತ್ತೆ ನೋಡಿ." ಅಮ್ಮನಿಗೆ ಮೇಲ್ ಎಲ್ಲಿಯದು? "ಹೆಡ್ಡಾಫೀಸಿಗೆ ಎಸ್ಕಲೇಟ್ ಮಾಡ್ತೀನಿ" ಎಂದಳು. ಮಾಡಿದಳೋ ಇಲ್ಲವೋ ಗೊತ್ತಿಲ್ಲ. ಹೀಗೆ ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ನಾನು ಓಡಾಡುತ್ತಿದ್ದಾಗ ಫೀಸಿನ ಕೊನೆಯ ದಿನ ಹತ್ತಿರ ಬಂತು.

ನನ್ನ ಕೈಯಿಂದ ಕಟ್ಟಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಅದನ್ನೇ ಯೋಚಿಸಿದ್ದೆ. ಆದರೆ ಆ ವರ್ಷವೇ ಮನೆಯ ತಾರಸಿ ಸೋರಿ, ಇದ್ದದ್ದೆಲ್ಲ ಅದಕ್ಕೆ ಸುರಿದಿದ್ದೆ. ಕೈಯಲ್ಲಿದ್ದದ್ದು ಫೀಸಿನ ಕಾಲು ಭಾಗಕ್ಕೂ ಸಾಲುತ್ತಿರಲಿಲ್ಲ. ಕೊನೆಯ ದಿನದ ಹಿಂದಿನ ಸಂಜೆ ಹಿತ್ತಲಿಗೆ ಹೋಗಿ, ಒಂದೆರಡು ದಿನ ಸಮಯ ಕೇಳಿ ನೋಡಿ ಎಂದು ಹೇಳೋಣವೆಂದುಕೊಂಡೆ. ಹುಡುಗಿಯ ಅಪ್ಪ ಬಾಗಿಲಲ್ಲೇ ಸಿಕ್ಕಿ, "ಫೀಸ್ ಕಟ್ಟಿ ಬಂದೀವ್ರಿ. ಆಯ್ತ್ರಿ ಆ ಕೆಲ್ಸ. ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ" ಎಂದ.

"ಹೇಗೆ ಕಟ್ಟಿದ್ರಿ?"

"ಆಯ್ತ್ರಿ ಹೆಂಗೋ."

ಹೇಗೆ ಎಂಬುದನ್ನು ಕಂಡುಹಿಡಿದವಳು ಅಮ್ಮ. ಎರಡು ದಿನದ ನಂತರ ಹುಡುಗಿಯ ತಾಯಿ ರೊಟ್ಟಿ ಕೊಡಲು ಬಂದಿದ್ದಳು. ಸೆರಗು ಕುತ್ತಿಗೆಯ ಸುತ್ತ ಬಿಗಿಯಾಗಿ ಹೊದ್ದಿದ್ದಳು. ತಟ್ಟೆ ಕೆಳಗಿಡಲು ಬಗ್ಗಿದಾಗ ಸೆರಗು ಜಾರಿತು. ಕುತ್ತಿಗೆಯಲ್ಲಿ ಕರಿಮಣಿ ಮಾತ್ರ ಇತ್ತು. ಬೋರಮಾಳ ಸರ ಇರಲಿಲ್ಲ. ಅವರ ಕಡೆಯ ಹೆಂಗಸರು ಹಾಕುವ ಆ ಚಿನ್ನದ ಗುಂಡಿನ ಸರವೊಂದೇ ಅವಳ ಬಳಿಯಿದ್ದ ಒಡವೆ. ಅವಳ ತಾಯಿಯದಂತೆ ಅದು. ಕೆಲಸಕ್ಕೆ ಹೋಗುವಾಗಲೂ ಸಮವಸ್ತ್ರದ ಒಳಗೆ ಹಾಕಿಕೊಂಡೇ ಹೋಗುತ್ತಿದ್ದಳು.

"ಸರ ಎಲ್ಲಮ್ಮಾ?" ಎಂದಳು ಅಮ್ಮ.

ಅವಳು ಸೆರಗು ಎಳೆದುಕೊಂಡಳು. "ಐತ್ರಿ ಅಮ್ಮಾರ, ಪೆಟ್ಟಿಗ್ಯಾಗ ಇಟ್ಟೀನ್ರಿ."

"ನನ್ನ ಮುಖ ನೋಡ್ಕೊಂಡು ಹೇಳು."

ಅವಳು ಮುಖ ನೋಡಲಿಲ್ಲ. "ಗಿರವಿ ಇಟ್ಟೀವ್ರಿ. ಬಿಡ್ರಿ, ಸರ ಎಲ್ಲಿ ಹೋಗ್ತದ. ನೀವು ಕೊಡಂಗಿಲ್ಲ ಅಂತ ನಾವೇನೂ ತಿಳ್ಕೊಂಡಿಲ್ರಿ" ಎಂದು ಬೇಗ ಬೇಗ ಹೇಳಿ ಹೊರಟುಹೋದಳು.

ಆ ಕೊನೆಯ ಮಾತೇ ಅಮ್ಮನನ್ನು ಇರಿದದ್ದು. ಎಂಬತ್ತು ದಾಟಿದ ಹೆಂಗಸು, ಊರಿನಲ್ಲಿ ಒಬ್ಬರಿಗೆ ಒಂದು ಸೇರು ರಾಗಿ ಕೊಡುತ್ತೇನೆಂದು ಹೇಳಿ ತಪ್ಪಿದವಳಲ್ಲ. ಅವತ್ತು ರೊಟ್ಟಿಯನ್ನು ಮುಟ್ಟಲಿಲ್ಲ. ನನ್ನನ್ನು ಕರೆದು ಎದುರಿಗೆ ಕೂರಿಸಿದಳು. ಅವಳ ಗದ್ದ ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ಸಿಟ್ಟು.

"ನನ್ನ ದುಡ್ಡು ಎಲ್ಲೈತೆ?"

"ವಿಚಾರಿಸ್ತಾ ಇದೀನಮ್ಮ."

"ಎಷ್ಟು ಸಲ ಹೋದೆ ನೀನು? ಹೋಗಿ ಬಾಯಲ್ಲಿ ಕೇಳ್ಕೊಂಡು ಬರ್ತೀಯ. ಬಾಯಲ್ಲಿ ಕೇಳಿದ್ದಕ್ಕೆ ಅವರೂ ಬಾಯಲ್ಲೇ ಹೇಳಿ ಕಳಿಸ್ತವ್ರೆ. ಕಾಗದ ತಗೋ. ಬರಿ."

ನಾನು ಬರೆಯಲು ಕುಳಿತೆ. ಅಮ್ಮ ಹೇಳಿದ್ದನ್ನೆಲ್ಲ ಬರೆಯಲಾಗಲಿಲ್ಲ. ಅದರಲ್ಲಿ ಅರ್ಧ ಬೈಗುಳ. ಆದರೆ ಬೈಗುಳ ತೆಗೆದ ಮೇಲೆ ಉಳಿದದ್ದು ಯಾವ ವಕೀಲನಿಗೂ ಕಡಿಮೆಯಿಲ್ಲದ ಪತ್ರ. ಅದರ ಒಂದು ಪ್ರತಿ ಈಗಲೂ ನನ್ನ ಬಳಿಯಿದೆ:

"ಮಾನ್ಯರೇ, ನನ್ನ ಎಲ್ಲ ಯೂನಿಟ್‌ಗಳನ್ನು ಹಿಂತಿರುಗಿಸಿ ಹಣ ಕೊಡಬೇಕೆಂದು ನಿಮ್ಮ ಇಂದಿರಾನಗರ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ. ನೀವು ಮುದ್ರೆ ಒತ್ತಿ ಕೊಟ್ಟ ಚೀಟಿಯ ನಕಲು ಇದರ ಜೊತೆಗಿದೆ. ಮೂರು ಕೆಲಸದ ದಿನಗಳಲ್ಲಿ ಹಣ ಬರುತ್ತದೆ ಎಂದಿರಿ. ಆ ಮೂರು ದಿನ ಕಳೆದು ಬಹಳ ದಿನವಾಯಿತು. ಕೊಟ್ಟಾಗಿದೆ ಎಂದು ನೀವು ಹೇಳುತ್ತೀರಿ, ಬಂದಿಲ್ಲ ಎಂದು ಬ್ಯಾಂಕು ಹೇಳುತ್ತದೆ. ಪಾಸ್‌ಬುಕ್ಕಿನ ನಕಲೂ ಇದೆ, ನೋಡಿ. ನನಗೆ ಇವಿಷ್ಟು ತಿಳಿಯಬೇಕು. ಹಣವನ್ನು ಯಾವ ದಿನ, ಯಾವ ಖಾತೆಗೆ, ಯಾವ ಸಂಖ್ಯೆಯ ವ್ಯವಹಾರದಲ್ಲಿ ಕಳಿಸಿದಿರಿ? ಅದು ಹಿಂದಕ್ಕೆ ಬಂದಿದ್ದರೆ ಯಾವ ದಿನ ಬಂತು, ಯಾಕೆ ಬಂತು? ನನ್ನ ಖಾತೆಗೆ ಯಾವ ದಿನ ಜಮಾ ಆಗುತ್ತದೆ? ತಡವಾದ ದಿನಗಳಿಗೆ ನಿಯಮದ ಪ್ರಕಾರ ಬಡ್ಡಿ ಕೊಡುತ್ತೀರೋ ಇಲ್ಲವೋ? ಉತ್ತರವನ್ನು ಬರಹದಲ್ಲಿ, ಈ ವಿಳಾಸಕ್ಕೆ ಕಳಿಸಿ. ಬಾಯಿಮಾತಿನ ಉತ್ತರ ಬೇಡ."

ಕೊನೆಯ ಸಾಲು ಅವಳದೇ. ನಾನು ಒಂದಕ್ಷರವನ್ನೂ ಬದಲಿಸಲಿಲ್ಲ.

ಮಾರನೆಯ ದಿನ ನಾನು ಚಪ್ಪಲಿ ಹಾಕುತ್ತಿದ್ದಾಗ ಅಮ್ಮನೂ ಸೀರೆ ಬದಲಿಸಿ ವಾಕರ್ ಹಿಡಿದು ನಿಂತಿದ್ದಳು. ಬೇಡ ಎಂದರೆ ಕೇಳುವವಳಲ್ಲ. ಆಟೋದಲ್ಲಿ ಕರೆದುಕೊಂಡು ಹೋದೆ. ಕಚೇರಿ ನೆಲಮಹಡಿಯಲ್ಲೇ ಇತ್ತು, ಆದರೆ ನಾಲ್ಕು ಮೆಟ್ಟಿಲು ಹತ್ತಬೇಕು. ಹತ್ತಿದಳು. ಒಳಗೆ ಮೂರು ಜನ ಸರದಿಯಲ್ಲಿದ್ದರು. ಅವರು ಜಾಗ ಬಿಟ್ಟರೂ ಅವಳು ಮುಂದೆ ಹೋಗದೆ ಸರದಿಯಲ್ಲೇ ನಿಂತಳು.

ಕೌಂಟರಿನ ಹುಡುಗಿ ಪತ್ರ ತಿರುಗಿಸಿ ನೋಡಿ, "ಸಾರ್, ಇದನ್ನ ಇಂಗ್ಲಿಷ್‌ನಲ್ಲಿ ಬರ್ಕೊಡ್ತೀರಾ? ಮುಂಬೈಗೆ ಹೋಗ್ಬೇಕು. ಅಲ್ಲಿ ಕನ್ನಡ ಯಾರಿಗೂ ಬರಲ್ಲ" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೇಳಿದಳು: "ದುಡ್ಡು ಇಸ್ಕೊಳ್ಳೋವಾಗ ಕನ್ನಡ ಬರ್ತಿತ್ತಾ?"

"ಅಜ್ಜಿ, ಅದು ಪ್ರೊಸೀಜರ್..."

"ನನ್ನ ಸಹಿ ಯಾವ ಭಾಷೇಲೈತೆ, ನೋಡಿ ಹೇಳು. ಅದನ್ನ ಒಪ್ಕೊಂಡೇ ತಾನೆ ನನ್ನ ದುಡ್ಡು ತಗೊಂಡಿದ್ದು? ಆ ಸಹಿ ಓದೋಕೆ ಬರೋ ನಿಮ್ಮೋರಿಗೆ ಈ ಪತ್ರ ಓದೋಕೆ ಯಾಕೆ ಬರಲ್ಲ?"

ಅಮ್ಮನ ಧ್ವನಿ ಎತ್ತರವಾಗಿರಲಿಲ್ಲ. ಆದರೂ ಸರದಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಒಳಗಿನ ಗಾಜಿನ ಕೋಣೆಯಿಂದ ಐವತ್ತು ದಾಟಿದ ಒಬ್ಬರು ಎದ್ದು ಬಂದರು. ಶಿವಾಜಿನಗರದವರು ಎಂದು ಆಮೇಲೆ ಮಾತಿನಲ್ಲಿ ತಿಳಿಯಿತು. ಅಮ್ಮನಿಗೆ ಕುರ್ಚಿ ತರಿಸಿದರು, ಪತ್ರವನ್ನು ಕೊನೆಯವರೆಗೆ ನಿಧಾನವಾಗಿ ಓದಿದರು.

"ಅಮ್ಮಾಜಿ, ಇದರ ಇಂಗ್ಲಿಷ್ ಸಾರಾಂಶ ನಾನೇ ಬರೆದು ಹಾಕಿ ಕಳಿಸ್ತೀನಿ. ನಿಮ್ಮ ಪತ್ರಾನೂ ಹಾಗೇ ಹೋಗುತ್ತೆ" ಎಂದು, ನಮ್ಮ ಪ್ರತಿಯ ಮೇಲೆ ಮುದ್ರೆ ಒತ್ತಿ, ದೂರಿನ ಸಂಖ್ಯೆ ಬರೆದು ಕೊಟ್ಟರು. ಆಮೇಲೆ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು. "ಈ ಮೊಬೈಲ್ ನಂಬರ್ ಯಾರದು ಸಾಬ್?" ಎಂದು ಕೊನೆಯ ನಾಲ್ಕು ಅಂಕಿ ಹೇಳಿದರು. ನನ್ನದಲ್ಲ, ಅಮ್ಮನದೂ ಅಲ್ಲ. ಆಗ ನನಗೆ ಹೊಳೆಯಲಿಲ್ಲ.

ಎಂಟು ದಿನಕ್ಕೆ ಅಂಚೆಯಲ್ಲಿ ಉತ್ತರ ಬಂತು. ಇಂಗ್ಲಿಷಿನಲ್ಲಿ. ನಾನು ಓದಿ ಅಮ್ಮನಿಗೆ ಅರ್ಥ ಹೇಳಿದೆ. ಹಣವನ್ನು ಅರ್ಜಿ ಕೊಟ್ಟ ಮೂರನೆಯ ದಿನವೇ ಕಳಿಸಿದ್ದರು. ಅದೇ ದಿನ ಅದು ಹಿಂದಕ್ಕೆ ಬಂದಿತ್ತು. ಕಾರಣ: ಅಮ್ಮನ ಬ್ಯಾಂಕು ಕೆಲವು ವರ್ಷಗಳ ಹಿಂದೆ ಇನ್ನೊಂದು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಗಿತ್ತು. ಖಾತೆಯ ಸಂಖ್ಯೆ ಹಳೆಯದೇ ಇದ್ದರೂ ಶಾಖೆಯ ಕೋಡ್ ಬದಲಾಗಿತ್ತು. ಕಂಪನಿಯ ದಾಖಲೆಯಲ್ಲಿ ಸತ್ತುಹೋದ ಹಳೆಯ ಕೋಡೇ ಉಳಿದಿತ್ತು. "ಹಣ ಹಿಂದಿರುಗಿದ ವಿಷಯವನ್ನು ತಮ್ಮ ನೋಂದಾಯಿತ ಇಮೇಲ್ ಮತ್ತು ಮೊಬೈಲಿಗೆ ಕೂಡಲೇ ತಿಳಿಸಲಾಗಿತ್ತು. ತಮ್ಮಿಂದ ಪ್ರತಿಕ್ರಿಯೆ ಬರಲಿಲ್ಲ. ಬ್ಯಾಂಕಿನ ವಿವರ ಬದಲಿಸುವ ಅರ್ಜಿಯನ್ನು ದಾಖಲೆಯೊಂದಿಗೆ ಕೊಟ್ಟರೆ ಹಣವನ್ನು ಮತ್ತೆ ಕಳಿಸಲಾಗುವುದು."

ಇಮೇಲ್ ವಿಳಾಸವನ್ನೂ ಪತ್ರದಲ್ಲಿ ಹಾಕಿದ್ದರು, ನಡುವಿನ ಅಕ್ಷರಗಳನ್ನು ಚುಕ್ಕಿಯಲ್ಲಿ ಮುಚ್ಚಿ. ಮೊದಲ ಎರಡು ಅಕ್ಷರ, ಕೊನೆಯ ಎರಡು ಅಂಕಿ ಸಾಕಾಯಿತು. ಅದು ನನ್ನ ಗೆಳೆಯನ ವಿಳಾಸ. ಮೊಬೈಲೂ ಅವನದೇ, ಈಗ ಬಿಟ್ಟುಬಿಟ್ಟಿರುವ ಹಳೆಯ ನಂಬರು.

ಅವತ್ತೇ ಮಧ್ಯಾಹ್ನ ಕೆ.ಆರ್. ಪುರಂಗೆ ಹೋದೆ. ಅಲ್ಲಿ ಅವನದು ಹೊಸ ಫ್ಲ್ಯಾಟು. ಅವನ ಹೆಂಡತಿ ಕಾಫಿ ತಂದಿಟ್ಟರು. ನಾನು ಮುಟ್ಟಲಿಲ್ಲ.

"ನಮ್ಮಮ್ಮನ ಫಾರಂನಲ್ಲಿ ನಿನ್ನ ನಂಬರ್ ಯಾಕೆ ಹಾಕ್ದೆ?"

"ಯಾವಾಗ್ಲೋ ಆಗಿದ್ದು ಮಗಾ. ಆಗ ಎಲ್ಲ ಏಜೆಂಟ್‌ಗಳೂ ಹಾಗೇ ಮಾಡ್ತಿದ್ರು. ವಯಸ್ಸಾದೋರಿಗೆ ಮೇಲ್ ಇರಲ್ಲ, ಓಟಿಪಿ ಗೊತ್ತಾಗಲ್ಲ ಅಂತ ಹೆಲ್ಪ್‌ಗೇ ಹಾಕಿದ್ದು."

"ದುಡ್ಡು ವಾಪಸ್ ಬಂದಿದೆ ಅಂತ ಮೇಲ್ ಬಂದಿದೆ ನಿಂಗೆ. ತೆಗ್ದು ನೋಡು."

ಅವನು ಫೋನ್ ತೆಗೆದು ಮೇಲೆ ಕೆಳಗೆ ತಳ್ಳಿದ. ಓದದೆ ಉಳಿದಿದ್ದ ಸಾವಿರಾರು ಮೇಲ್‌ಗಳ ನಡುವೆ ಅದು ಸಿಕ್ಕಿತು. ದಪ್ಪ ಅಕ್ಷರದಲ್ಲಿ, ತೆರೆಯದೆ. ಅದರ ಮೇಲೊಂದು, ಕೆಳಗೊಂದು ಸೀರೆ ಅಂಗಡಿಯ ಜಾಹೀರಾತು.

"ನಾನು ಆ ಕೆಲ್ಸ ಬಿಟ್ಟು ಮೂರು ವರ್ಷ ಆಯ್ತು ಗುರು. ಆ ಮೇಲ್ ನಾನು ನೋಡೋದೇ ಇಲ್ಲ."

"ಬಿಟ್ಟೆ ಅಂತ ನಮಗೆ ಹೇಳಿದ್ಯಾ? ನಂಬರ್ ಬದಲಾಯಿಸ್ಕೊಳಿ ಅಂತ ಒಂದ್ ಮಾತು ಹೇಳಿದ್ಯಾ?"

"ಒಂದು ಮೇಲ್ ಮಿಸ್ ಆಗಿದ್ದಕ್ಕೆ ಇಷ್ಟೊಂದು ಕೂಗಾಡ್ತೀಯಲ್ಲೋ. ದುಡ್ಡೇನು ಹೋಗಿಲ್ವಲ್ಲ, ಬರುತ್ತಲ್ಲ!"

ನಾನು ಎದ್ದುನಿಂತೆ. "ಒಬ್ಬ ಹೆಂಗಸಿನ ಕುತ್ತಿಗೆಯಿಂದ ಸರ ಇಳೀತು, ನಿನ್ನ ಆ ಒಂದು ಮೇಲ್‌ನಿಂದ. ನಮ್ಮಮ್ಮ ಊಟ ಬಿಟ್ಟು ಕೂತಿದ್ಲು" ಎಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಮೂವತ್ತು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು. ಬಾಗಿಲನ್ನು ಎಳೆದ ರಭಸಕ್ಕೆ ಅದರ ಮೇಲಿದ್ದ ತೋರಣ ಉದುರಿತು. ಹೆಕ್ಕಿಕೊಡಲೂ ನಿಲ್ಲದೆ ಬಂದೆ.

ಮೆಟ್ರೋದಲ್ಲಿ ವಾಪಸ್ ಬರುವಾಗ ಸಿಟ್ಟು ನನ್ನ ಕಡೆಗೂ ತಿರುಗಿತು. ಆ ಅರ್ಜಿಯನ್ನು ಅಮ್ಮನ ಮುಂದಿಟ್ಟು, ಇಲ್ಲಿ ಸಹಿ ಮಾಡಮ್ಮ ಎಂದವನು ನಾನು. ನಂಬರಿನ ಜಾಗದಲ್ಲಿ ಏನು ಬರೆದಿದ್ದಾರೆಂದು ಓದಿರಲಿಲ್ಲ. ಮೈಕ್ರೋಮೀಟರಿನಲ್ಲಿ ಕೂದಲೆಳೆಯನ್ನೂ ಅಳೆಯುತ್ತಿದ್ದವನಿಗೆ ಒಂದು ಫಾರಂ ಓದಲು ಪುರಸೊತ್ತಿರಲಿಲ್ಲ. ಬ್ಯಾಂಕು ವಿಲೀನವಾದದ್ದು ನನಗೆ ಗೊತ್ತಿತ್ತು, ಹೊಸ ಪಾಸ್‌ಬುಕ್ಕನ್ನು ತಂದವನೂ ನಾನೇ. ಅದನ್ನು ಕಂಪನಿಗೆ ತಿಳಿಸಬೇಕೆಂದು ಹೊಳೆದಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ.

ಅಮ್ಮ ಕಂಪನಿಯ ಪತ್ರವನ್ನು ಕೈಗೆ ತೆಗೆದುಕೊಂಡಳು. ಆಮೇಲೆ, "ನೀನು ಓದ್ಲಿಲ್ಲ, ಅದು ತಪ್ಪೇ. ಅವನು ಹೇಳ್ಲಿಲ್ಲ, ಅದೂ ತಪ್ಪೇ. ಆದ್ರೆ ಕಂಪ್ನಿಯೋರು ಈಗ ಕಾಗದ ಕಳಿಸವ್ರಲ್ಲ, ಯಾವ ವಿಳಾಸಕ್ಕೆ?" ಎಂದಳು.

"ನಮ್ಮನೆಗೆ."

"ಇದೇ ವಿಳಾಸ ಅವರತ್ರ ಮೊದ್ಲಿಂದ ಇತ್ತಲ್ಲ? ಮೇಲ್‌ಗೆ ಉತ್ತರ ಬರ್ಲಿಲ್ಲ ಅಂದ್ಮೇಲೆ ಅಂಚೇಲಿ ಒಂದು ಕಾಗದ ಯಾಕೆ ಹಾಕ್ಲಿಲ್ಲ? ದುಡ್ಡು ವಾಪಸ್ ಬಂದಿದ್ದು ಗೊತ್ತಿದ್ದೂ ನೀನು ಹೋದಾಗೆಲ್ಲ ಕೊಟ್ಟಾಗೈತೆ ಅಂತ ಯಾಕೆ ಹೇಳಿದ್ರು?"

ಈ ಎರಡು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನನ್ನ ತಪ್ಪಿನ ಭಾರದಲ್ಲಿ ಅವರ ತಪ್ಪು ಮರೆಯಾಗಿತ್ತು.

ಎರಡನೆಯ ಪತ್ರದಲ್ಲಿ ಅವನ್ನೇ ಬರೆದೆ. ಅದರ ಜೊತೆಗೆ ಬ್ಯಾಂಕಿನ ಮ್ಯಾನೇಜರ್ ಸಹಿ, ಮುದ್ರೆ ಹಾಕಿಕೊಟ್ಟ ಪಾಸ್‌ಬುಕ್ ನಕಲು, ವಿವರ ಬದಲಾವಣೆಯ ಅರ್ಜಿ, ನಂಬರ್ ಬದಲಾವಣೆಯ ಅರ್ಜಿ ಎಲ್ಲವನ್ನೂ ಕೊಟ್ಟೆ. ಈ ಸಲ ಪ್ರತಿ ಖಾನೆಯನ್ನೂ ಗಟ್ಟಿಯಾಗಿ ಅಮ್ಮನಿಗೆ ಓದಿ ಹೇಳಿಯೇ ಸಹಿ ಹಾಕಿಸಿದೆ. ಹಿತ್ತಲಿನ ಹುಡುಗಿಯ ಸಹಾಯದಿಂದ ಹೂಡಿಕೆ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯ ದೂರಿನ ಪೋರ್ಟಲ್‌ನಲ್ಲೂ ದೂರು ಹಾಕಿದೆ. ಅದು ಯಾವ ಹಣ, ಯಾತಕ್ಕೆ ಎಂದು ಹುಡುಗಿಗೆ ಗೊತ್ತಿತ್ತು. ನಾನು ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಟ್ಟಳು.

ಆರನೆಯ ದಿನ ಅಮ್ಮನ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಹಣ ಜಮಾ ಆಗಿತ್ತು. ಶಿವಾಜಿನಗರದ ಆ ಹಿರಿಯರು ತಾವೇ ಫೋನ್ ಮಾಡಿ, "ಸಾಬ್, ಜಮಾ ಆಯ್ತಲ್ಲ? ಅಮ್ಮಾಜಿಗೆ ಹೇಳಿ" ಎಂದರು. ಆ ಕಂಪನಿಯಲ್ಲಿ ನನಗೆ ಸಿಟ್ಟಿಲ್ಲದ ಮನುಷ್ಯ ಅವರೊಬ್ಬರೇ.

ಪೋರ್ಟಲ್‌ನಲ್ಲಿ ಹಾಕಿದ ದೂರಿಗೆ ಕಂಪನಿಯ ಉತ್ತರ ಮೂರು ವಾರದೊಳಗೆ ಬಂತು. ಜಮಾ ಆದ ದಿನಾಂಕ ಬರೆದಿದ್ದರು. ವಿಳಂಬ ತಮ್ಮಿಂದ ಆದದ್ದಲ್ಲ ಎಂದಿದ್ದರು. ಆದರೂ "ಸದ್ಭಾವನೆಯ ಕ್ರಮವಾಗಿ" ಹಣ ಹಿಂದಿರುಗಿದ ದಿನದಿಂದ ನಮಗೆ ಪತ್ರ ಬರೆದ ದಿನದವರೆಗಿನ ಬಡ್ಡಿಯನ್ನು ಕೊಡುತ್ತಿದ್ದೇವೆ ಎಂದಿದ್ದರು. ಅಂಚೆಯಲ್ಲಿ ಯಾಕೆ ತಿಳಿಸಲಿಲ್ಲ, ಕೌಂಟರಿನಲ್ಲಿ ಸುಳ್ಳು ಯಾಕೆ ಹೇಳಿದಿರಿ ಎಂಬುದಕ್ಕೆ ಒಂದಕ್ಷರವಿರಲಿಲ್ಲ. ತಪ್ಪಿಲ್ಲದಿದ್ದರೆ ಬಡ್ಡಿ ಯಾಕೆ? ತಪ್ಪಿದ್ದರೆ ಸದ್ಭಾವನೆ ಯಾಕೆ? ಆ ಪದವನ್ನು ಓದಿದಾಗ ಬಂದ ಸಿಟ್ಟು ಹಣ ಬಾರದಿದ್ದಾಗ ಬಂದದ್ದಕ್ಕಿಂತ ದೊಡ್ಡದು. ಕಿತ್ತುಕೊಂಡವನೇ ದಾನ ಕೊಟ್ಟಂತೆ.

ಹಣ ಬಂದ ದಿನ ಸಂಜೆ ಅಮ್ಮ ಹಿತ್ತಲಿಗೆ ತಾನೇ ನಡೆದು ಹೋದಳು. ನಾನು ಹಿಂದೆ ಹೋದೆ. ಮೂವರೂ ಮನೆಯಲ್ಲಿದ್ದರು. "ನಾಳೆ ಗಿರವಿ ಅಂಗಡಿಗೆ ಹೋಗೋಣ. ಸರ ಬಿಡಿಸ್ಕೊಂಡು ಬಾ" ಎಂದು ಹುಡುಗಿಯ ತಾಯಿಗೆ ಹೇಳಿದಳು.

ಅವಳು ಗಂಡನ ಮುಖ ನೋಡಿದಳು. ಗಂಡ ತಲೆಯಾಡಿಸಿದ, ಬೇಡ ಎಂಬಂತೆ. "ಈ ವರ್ಸದ್ದು ನಾವು ಕಟ್ಟೀವ್ರಿ ಅಮ್ಮಾರ. ನಮ್ಮ ಮಗಳಿಗೆ ನಾವು ಕಟ್ಟಿದ್ದು. ಸರ ನಾವೇ ಬಿಡಿಸ್ತೀವಿ. ದುಡಿಯೋ ಕೈ ಅದಾವಲ್ರಿ."

"ಮಾತು ಕೊಟ್ಟಿದ್ದು ನಾನು."

"ಮಾತು ನೀವು ತಪ್ಪಿಲ್ರಿ. ತಡ ಮಾಡ್ದವ್ರು ಬ್ಯಾರೆಯವ್ರು."

"ಯಾರೋ ತಡ ಮಾಡಿದ್ದಕ್ಕೆ ಇವಳು ಯಾಕೆ ಬೋಳು ಕುತ್ತಿಗೆಯಲ್ಲಿ ಇರ್ಬೇಕು?" ಅಮ್ಮ ವಾಕರನ್ನು ನೆಲಕ್ಕೆ ಕುಟ್ಟಿದಳು. "ನನ್ನ ಮೈ ಒರೆಸಿದ್ದಕ್ಕೆ ನಿಮ್ಮ ಮಗಳಿಗೆ ಕೂಲಿ ಕೊಡ್ತಿದೀನಿ ಅಂದ್ಕೊಂಡ್ರಾ?"

ಅದಕ್ಕೆ ಉತ್ತರ ಕೊಟ್ಟವಳು ಹುಡುಗಿ. "ಅಜ್ಜಿ, ಎರಡನೇ ವರ್ಷದ್ದು ನೀವು ಕಟ್ರಿ. ನಾನೇ ಬಂದು ಕೇಳ್ತೀನಿ. ಸರದ್ದು ಅಪ್ಪನಿಗೆ ಬಿಡ್ರಿ" ಎಂದಳು. ಸ್ವರ ಗಟ್ಟಿಯಾಗಿತ್ತು. ಯಾರ ಪರವೂ ಆಗಿರಲಿಲ್ಲ. ಅಮ್ಮ ಅವಳನ್ನೇ ದಿಟ್ಟಿಸಿದಳು. "ಗಿರವಿ ಅಂಗಡಿ ಬಡ್ಡಿ ಮಾತ್ರ ನಂದು. ಅದಕ್ಕೆ ಎದುರು ಮಾತಾಡ್ಬೇಡಿ" ಎಂದಳು. ಹುಡುಗಿಯ ಅಪ್ಪ ನೆಲ ನೋಡುತ್ತ, "ಆಯ್ತ್ರಿ" ಎಂದ.

ನಾಲ್ಕು ತಿಂಗಳಿಗೆ ಸರ ಬಂತು. ಗಿರವಿ ಅಂಗಡಿಯ ಬಡ್ಡಿಯನ್ನು ಅಮ್ಮ ಕೊಟ್ಟಳು. ಉಳಿದ ಹಣ ಹಲಸೂರಿನ ಬ್ಯಾಂಕಿನಲ್ಲಿ ಅವಳ ಹೆಸರಿನಲ್ಲಿ ಠೇವಣಿಯಾಗಿದೆ, ಎರಡನೆಯ ವರ್ಷದ ಫೀಸಿಗೆ ಮುಂಚೆ ಅವಧಿ ಮುಗಿಯುವಂತೆ. ಹುಡುಗಿ ಈಗ ಬಿಳಿ ಕೋಟು ಹಾಕಿಕೊಂಡು ಬೆಳಿಗ್ಗೆ ಆರೂವರೆಗೆ ಬಸ್ಸಿಗೆ ಓಡುತ್ತಾಳೆ. ಭಾನುವಾರಗಳಲ್ಲಿ ಅಮ್ಮನ ಬಿಪಿ ನೋಡುತ್ತಾಳೆ. ಯಂತ್ರದ ಪಟ್ಟಿ ಬಿಗಿಯುವಾಗ ಅಮ್ಮ ಬೈಯುತ್ತಾಳೆ.

ಕೆ.ಆರ್. ಪುರಂನ ಗೆಳೆಯ ಎರಡು ಸಲ ಫೋನ್ ಮಾಡಿದ್ದ. ನಾನು ಎತ್ತಲಿಲ್ಲ. ಒಮ್ಮೆ ತಿಪ್ಪಸಂದ್ರ ಮಾರ್ಕೆಟಿನಲ್ಲಿ ಎದುರಾದ. ಅವನೂ ನಿಂತ, ನಾನೂ ನಿಂತೆ. "ತಪ್ಪಾಯ್ತು ಕಣೋ" ಎಂದ. ಸೊಪ್ಪಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡೆ. "ಬೇರೆ ಯಾರ್ಯಾರ ಫಾರಂನಲ್ಲಿ ನಿನ್ನ ನಂಬರ್ ಇದೆ, ಅವರ ಮನೆಗೆಲ್ಲ ಹೋಗಿ ಹೇಳು ಮೊದ್ಲು. ಆಮೇಲೆ ನಮ್ಮನೆಗೆ ಬಾ" ಎಂದೆ. ಹೋಗುತ್ತಿದ್ದಾನಂತೆ, ಸ್ಕೂಟರಿನಲ್ಲಿ, ಒಂದೊಂದೇ ಮನೆಗೆ. ನಮ್ಮ ಮನೆಗಿನ್ನೂ ಬಂದಿಲ್ಲ.